ಸಹಿ ಮಾಡಿದೆ, ಸಹಿ ಮಾಡಿಸಿಕೊಂಡ

ಪ್ರಶ್ನೆ: ನನಗೆ ಅರವತ್ತೊಂದು ವರ್ಷ. 1989ರಲ್ಲಿ ಮದುವೆಯಾಗಿ ಬಂದಾಗಿನಿಂದ ವಿಜಯನಗರದಲ್ಲಿದ್ದೇನೆ. ದೇವನಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ತಾತನಿಂದ ಬಂದ ಎರಡು ಎಕರೆ ಹತ್ತು ಗುಂಟೆ ಹೊಲವಿತ್ತು. 1996ರಲ್ಲಿ ಅಪ್ಪ ತೀರಿಕೊಂಡರು. 2003ರಲ್ಲಿ ನಾನು ಮತ್ತು ತಂಗಿ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆವು. ತಲಾ ನಲವತ್ತು ಸಾವಿರ ರೂಪಾಯಿ, ಒಂದೊಂದು ರೇಷ್ಮೆ ಸೀರೆ ಕೊಟ್ಟ. 2007ರಲ್ಲಿ ಆ ಹೊಲವನ್ನು ಒಂದು ಕೋಟಿ ಹತ್ತು ಲಕ್ಷಕ್ಕೆ ಮಾರಿದ. ಅಲ್ಲಿಂದ ನನಗೂ ಅಣ್ಣನಿಗೂ ಮಾತಿಲ್ಲ. ಕೋರ್ಟಿಗೆ ಹೋಗುವ ಆಸೆ ನನಗಿಲ್ಲ. ಮಕ್ಕಳಿಗೆ ತಿಳಿದಿರಲಿ ಎಂದು ಮೂವತ್ತನಾಲ್ಕು ಪುಟ ಬರೆದಿದ್ದೇನೆ. ಮಗಳು ಓದಿ, 'ಅಮ್ಮ, ಇದು ಚಾರ್ಜ್‌ಶೀಟ್ ಇದ್ದ ಹಾಗಿದೆ' ಎಂದಳು. ಬರೆದದ್ದೆಲ್ಲ ನಿಜ. ನಿಜವನ್ನು ಬಿಟ್ಟುಕೊಡದೆ ಇದನ್ನು ಹೇಗೆ ತಿದ್ದಲಿ? ಬರಹದ ಜೊತೆ ಪಹಣಿ, ಪತ್ರಗಳ ನಕಲನ್ನೂ ಇಟ್ಟಿದ್ದೇನೆ.

ಉತ್ತರ: ನಿಮ್ಮ ಹದಿಮೂರನೆಯ ಪುಟದ ಒಂದು ವಾಕ್ಯದಿಂದ ಶುರುಮಾಡುತ್ತೇನೆ. 'ಅಣ್ಣ ನಮ್ಮಿಬ್ಬರ ಕೈಯಲ್ಲಿ ಸಹಿ ಮಾಡಿಸಿಕೊಂಡುಬಿಟ್ಟ.' ಇದರಲ್ಲಿ ಸುಳ್ಳಿಲ್ಲ. ಆದರೆ 'ಮಾಡು' ಎಂಬ ಸಣ್ಣ ಕ್ರಿಯಾಪದದ ಹಿಂದೆ ಮೂರು ಬಾಲಗಳು ಅಂಟಿಕೊಂಡಿವೆ. 'ಇಸು' ಸೇರಿದ್ದರಿಂದ ಸಹಿ ಮಾಡಿದವರು ನೀವಲ್ಲ, ಮಾಡಿಸಿದವನು ಅಣ್ಣ ಎಂದಾಯಿತು. 'ಕೊಳ್ಳು' ಸೇರಿದ್ದರಿಂದ ಅದು ಅವನ ಲಾಭಕ್ಕೆ ಎಂದಾಯಿತು. 'ಬಿಡು' ಸೇರಿದ್ದರಿಂದ ನೀವು ಎಚ್ಚೆತ್ತುಕೊಳ್ಳುವುದರೊಳಗೆ ಕೆಲಸ ಮುಗಿದಿತ್ತು ಎಂದಾಯಿತು. ಒಂದೇ ಪದದಲ್ಲಿ ಆರೋಪ, ಉದ್ದೇಶ, ತೀರ್ಪು ಮೂರೂ ಮುಗಿದುಹೋದವು. ಅದೇ ಸಂಗತಿಯನ್ನು 'ನಾನು ಸಹಿ ಮಾಡಿದೆ' ಎಂದು ಬರೆದು ನೋಡಿ. ಅದೂ ನಿಜವೇ. ಆದರೆ ಈಗ ಓದುವವರಿಗೆ ಒಂದು ಕುತೂಹಲ ಹುಟ್ಟುತ್ತದೆ: ಯಾಕೆ ಮಾಡಿದರು?

ನಿಮ್ಮ ಮೂವತ್ತನಾಲ್ಕು ಪುಟಗಳಲ್ಲಿ ಆ 'ಯಾಕೆ'ಗೆ ಒಂದು ಸಾಲೂ ಇಲ್ಲ. ಮಗಳಿಗೆ ಚಾರ್ಜ್‌ಶೀಟ್ ಅನ್ನಿಸಿದ್ದು ಅಲ್ಲಿಯೇ ಇರಬೇಕು.

ಪುಸ್ತಕ ತಿದ್ದುವ ಕೆಲಸಕ್ಕೆ ಬರುವ ಮೊದಲು ಆರು ವರ್ಷ ನಾನು ಸಿಟಿ ಸಿವಿಲ್ ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದೆ. ವಿಭಾಗದ ದಾವೆಗಳನ್ನು ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಮೊದಲು ವಂಶವೃಕ್ಷ, ಆಮೇಲೆ ಜಮೀನು ಕುಟುಂಬಕ್ಕೆ ಹೇಗೆ ಬಂತು ಎಂಬ ವಿವರ, ಆಮೇಲೆ ಪ್ರತಿವಾದಿ ಏನೇನು ಮಾಡಿದ, ಆಮೇಲೆ 'ದಾವೆಗೆ ಕಾರಣ' ಯಾವ ತಾರೀಖಿನಂದು ಹುಟ್ಟಿತು ಎಂಬ ಒಂದು ಪ್ಯಾರಾ, ಕೊನೆಯಲ್ಲಿ ಪ್ರಾರ್ಥನೆ ಮತ್ತು ಚಕ್ಕುಬಂದಿ ಸಮೇತ ಷೆಡ್ಯೂಲು. ಅಲ್ಲಿ ಪ್ರತಿಯೊಂದು ಸಾಲೂ ಪ್ರಾರ್ಥನೆಯ ಕಡೆಗೆ ನಡೆಯಬೇಕು. ನಡೆಯದ ಸಾಲನ್ನು ವಕೀಲರು ಕೆಂಪು ಪೆನ್ನಿನಲ್ಲಿ ಹೊಡೆಯುತ್ತಿದ್ದರು. ಅದು ಅನ್ಯಾಯವೇನೂ ಅಲ್ಲ. ಎದುರು ಪಕ್ಷದವರು ತಮ್ಮ ಲಿಖಿತ ಹೇಳಿಕೆ ಸಲ್ಲಿಸುತ್ತಾರೆ, ಬಿಟ್ಟುಹೋದದ್ದು ಅದರಲ್ಲಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ.

ನಿಮ್ಮ ಬರಹ ದಾವೆಯ ಅಚ್ಚಿನಲ್ಲೇ ಎರಕವಾಗಿದೆ. ಅಣ್ಣ ಹೊಲ ಮಾರಿದ ಸುದ್ದಿ ಫೋನಿನಲ್ಲಿ ಬಂದ ದಿನದಿಂದ, ಅಂದರೆ 'ದಾವೆಗೆ ಕಾರಣ'ದಿಂದ ಶುರುವಾಗಿ, ಅಲ್ಲಿಂದ ಹಿಂದಕ್ಕೆ ಹೋಗಿ ಅದಕ್ಕೆ ಹೊಂದುವ ನೆನಪುಗಳನ್ನು ಮಾತ್ರ ಆಯ್ದುಕೊಂಡು ಬಂದಿದೆ. ಚಿಕ್ಕಂದಿನಲ್ಲಿ ಅವನು ನಿಮ್ಮ ಪಾಲಿನ ಹಲಸಿನ ತೊಳೆ ತಿಂದದ್ದೂ ಅಲ್ಲಿ ಪುರಾವೆಯಾಗಿಯೇ ಬಂದಿದೆ. ಆದರೆ ನಿಮ್ಮ ಮಕ್ಕಳ ಮುಂದೆ ಅಣ್ಣನ ಪರವಾಗಿ ಲಿಖಿತ ಹೇಳಿಕೆ ಸಲ್ಲಿಸಲು ಯಾರೂ ಬರುವುದಿಲ್ಲ. ಅದನ್ನೂ ನೀವೇ ಬರೆಯಬೇಕಾಗುತ್ತದೆ. ಅಣ್ಣನನ್ನು ಸಮರ್ಥಿಸಿ ಎಂದು ನಾನು ಹೇಳುತ್ತಿಲ್ಲ. ಪ್ರಾರ್ಥನೆಗೆ ನೆರವಾಗದ ಸಂಗತಿಗಳಿಗೂ ಬರಹದಲ್ಲಿ ಜಾಗ ಕೊಡಿ ಎನ್ನುತ್ತಿದ್ದೇನೆ, ಅಷ್ಟೇ.

ಅಂಥ ಸಂಗತಿಗಳು ನಿಮ್ಮ ಹತ್ತಿರವೇ ಇವೆ, ನೀವು ಕಳಿಸಿದ ಪಹಣಿಗಳಲ್ಲಿ. 'ನೋಡಿ, ಅಪ್ಪ ಸತ್ತ ಮೇಲೆ ಖಾತೆ ಅವನೊಬ್ಬನ ಹೆಸರಿಗೇ ಆಗಿದೆ' ಎಂದು ಒಂಬತ್ತನೆಯ ಕಾಲಮ್ಮಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೀರಿ. ಪೌತಿ ಖಾತೆಯ ವಿಷಯ ಸ್ವಲ್ಪ ಹೇಳಬೇಕು. ಹಳ್ಳಿಗಳಲ್ಲಿ ಯಜಮಾನ ತೀರಿಕೊಂಡ ಮೇಲೆ ಹಿರಿಮಗನೊಬ್ಬನ ಹೆಸರನ್ನು ಹಾಕಿಸುವುದು ಬಹಳ ಕಾಲದ ರೂಢಿ. ಕಂದಾಯ ಕಟ್ಟಲು, ಸಾಲ ಎತ್ತಲು ಒಂದು ಹೆಸರಿದ್ದರೆ ಸುಲಭ. ಖಾತೆ ಒಬ್ಬರ ಹೆಸರಿನಲ್ಲಿದ್ದ ಮಾತ್ರಕ್ಕೆ ಮಿಕ್ಕವರ ಹಕ್ಕು ಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಾಗಿ ಆ ಪೆನ್ಸಿಲ್ ಸುತ್ತಿನೊಳಗೆ ನೀವು ಅಂದುಕೊಂಡಷ್ಟು ದೊಡ್ಡ ಅಪರಾಧ ಇಲ್ಲ.

ನಾನು ಹೆಚ್ಚು ಹೊತ್ತು ನೋಡಿದ್ದು ನೀವು ಸುತ್ತು ಹಾಕದ ಎರಡು ಕಾಲಮ್ಮುಗಳನ್ನು. ಹನ್ನೊಂದನೆಯದು ಋಣ ಮತ್ತು ಇತರ ಹಕ್ಕುಗಳದ್ದು. ಅದರಲ್ಲಿ 1997ರಲ್ಲಿ ಸಹಕಾರ ಸಂಘದ ಸಾಲ ಕೂತಿದೆ. ಅದೇ ವರ್ಷ ತಂಗಿಯ ಮದುವೆ ಆಯಿತೆಂದು ನಿಮ್ಮ ಇಪ್ಪತ್ತೆರಡನೆಯ ಪುಟದಲ್ಲಿದೆ. ಅವೆರಡಕ್ಕೂ ನಂಟಿದೆಯೋ ಇಲ್ಲವೋ ನಿಮಗೇ ಗೊತ್ತಿರಬೇಕು, ಇಲ್ಲವೇ ತಂಗಿಗೆ. ಹನ್ನೆರಡನೆಯ ಕಾಲಮ್ಮು ಸಾಗುವಳಿಯದ್ದು. ಯಾರು ಉತ್ತರು, ಏನು ಬೆಳೆದರು ಎಂದು ವರ್ಷ ವರ್ಷವೂ ಬರೆದಿರುತ್ತದೆ. ಕೈಬರಹದ ಹಳೆಯ ಪಹಣಿಗಳಲ್ಲಿ 1986ರಿಂದಲೇ, ಅಪ್ಪ ಬದುಕಿದ್ದಾಗಲೇ, ಅಲ್ಲಿ ಅಣ್ಣನ ಹೆಸರಿದೆ. ರಾಗಿ, ರಾಗಿ, ಹುರುಳಿ, ರಾಗಿ. 1999ರಿಂದ ನೀಲಗಿರಿ. ಬಯಲುಸೀಮೆಯಲ್ಲಿ ರಾಗಿ ಹೊಲಕ್ಕೆ ನೀಲಗಿರಿ ಇಟ್ಟರು ಎಂದರೆ ಬಹಳ ಸಲ ಅದರ ಅರ್ಥ ಒಂದೇ: ಕೂಲಿಯಾಳು ಸಿಗುತ್ತಿಲ್ಲ, ಮಳೆ ಕೈಕೊಡುತ್ತಿದೆ, ಉಳುವವನು ದಣಿದಿದ್ದಾನೆ. 2002ರ ಹೊತ್ತಿಗೆ 'ಬೀಳು'.

ಇಲ್ಲಿ ಒಂದು ಎಚ್ಚರಿಕೆ. ಗ್ರಾಮಲೆಕ್ಕಿಗರು ಹೊಲದ ಬದುವಿಗೂ ಹೋಗದೆ ಹಿಂದಿನ ವರ್ಷದ ಬೆಳೆಯನ್ನೇ ನಕಲು ಮಾಡಿಟ್ಟಿರುವ ಪಹಣಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಈ ಕಾಲಮ್ಮನ್ನೂ ವೇದವಾಕ್ಯ ಮಾಡಬೇಡಿ, ಅಣ್ಣನ ಪರ ಸಾಕ್ಷಿ ಎಂದು ತಂದು ನಿಲ್ಲಿಸಲೂಬೇಡಿ. ಅದನ್ನು ಓದಿ ನಿಮಗೆ ಏನು ನೆನಪಾಗುತ್ತದೆ ನೋಡಿ. ಹುರುಳಿ ಹಾಕಿದ ವರ್ಷ ನೀವು ಬಾಣಂತನಕ್ಕೆ ಊರಿಗೆ ಹೋಗಿದ್ದಿರಾ? ನೀಲಗಿರಿ ಇಟ್ಟಾಗ ಅಮ್ಮ ಏನೆಂದರು? ಹದಿನೇಳು ವರ್ಷ ಒಬ್ಬನು ಒಂದು ಹೊಲದಲ್ಲಿದ್ದ ಎಂಬ ಮಾತು ನಿಮ್ಮ ಬರಹದಲ್ಲಿ ಎಲ್ಲೂ ಬಂದಿಲ್ಲ. ಅದು ಬಂದ ಮಾತ್ರಕ್ಕೆ 2007ರ ಲೆಕ್ಕ ಸರಿಹೋಗುವುದಿಲ್ಲ. ಆದರೆ ಮಾರಿದವನು ಯಾರೆಂದು ಮಕ್ಕಳಿಗೆ ತಿಳಿಯುತ್ತದೆ.

ಇನ್ನು ಕಾನೂನು. ಇದನ್ನು ಹೇಳುತ್ತಿರುವುದು ಹಕ್ಕು ಸಾಧಿಸಲಿ ಎಂದಲ್ಲ. ನಿಮ್ಮ ಹದಿನೆಂಟನೆಯ ಪುಟದಲ್ಲಿ 'ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂದು ಗೊತ್ತಿದ್ದೂ ಅಣ್ಣ ಮುಚ್ಚಿಟ್ಟ' ಎಂದು ಬರೆದಿದ್ದೀರಿ. ಆ ಸಮಪಾಲು 2003ರಲ್ಲಿ ಎಲ್ಲಿತ್ತು ನೋಡೋಣ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಪಾಲು ಕೊಟ್ಟಿತು. ಆದರೆ ಆ ವರ್ಷದ ಜುಲೈ 30ಕ್ಕೆ ಮೊದಲು ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 1989ರಲ್ಲಿ ಮದುವೆಯಾದ ನೀವು ಹೊರಗೆ, 1997ರಲ್ಲಿ ಮದುವೆಯಾದ ತಂಗಿ ಒಳಗೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಪೂರ್ತಿ ಪಾಲು. ಇನ್ನೊಬ್ಬಳಿಗೆ ಅಪ್ಪನ ಪಾಲನ್ನು ಅಮ್ಮ, ಮಕ್ಕಳೆಲ್ಲ ಹಂಚಿಕೊಂಡಾಗ ಬರುವ ಒಂದು ಚೂರು ಮಾತ್ರ. ಸಹಿ ಮಾಡಿದ ದಿನ ಇದ್ದದ್ದು ಆ ಸ್ಥಿತಿ.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಆ ಭೇದವನ್ನು ತೆಗೆದುಹಾಕಿತು. 2015ರಲ್ಲಿ ಸುಪ್ರೀಂ ಕೋರ್ಟು, ಅದೂ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದಿತು. ಆ ಲೆಕ್ಕದಲ್ಲಿ ನೀವು ಮತ್ತೆ ಹೊರಗೆ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ತಂದೆ ಬದುಕಿರಬೇಕಿಲ್ಲ ಎಂದಿತು, ಮತ್ತೆ ಒಳಗೆ. ಇಷ್ಟೆಲ್ಲ ಆಗುವಾಗಲೂ 2003ರ ನಿಮ್ಮ ನೋಂದಾಯಿತ ಪತ್ರ ಹಾಗೆಯೇ ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಲೇವಾರಿಗಳನ್ನು ತಾನು ಮುಟ್ಟುವುದಿಲ್ಲ ಎಂದು ಆ ತಿದ್ದುಪಡಿಯೇ ಹೇಳುತ್ತದೆ.

ಅಂದರೆ ವಕೀಲರೇ ತಡಕಾಡುತ್ತಿದ್ದ ವಿಷಯವನ್ನು ರಾಗಿ ಬೆಳೆಯುವ ಅಣ್ಣ ಖಚಿತವಾಗಿ ತಿಳಿದುಕೊಂಡು ಮುಚ್ಚಿಟ್ಟ ಎಂದು ನೀವು ಬರೆದಿದ್ದೀರಿ. 2020ರಲ್ಲಿ ನಿಂತು 2003ನ್ನು ನೋಡಿದಾಗ ಹೀಗಾಗುತ್ತದೆ. ಆಗ ನಿಮಗೆ ಏನು ಗೊತ್ತಿತ್ತು, ಅವನಿಗೆ ಏನು ಗೊತ್ತಿದ್ದಿರಬಹುದು ಎಂಬುದನ್ನು ಆಯಾ ವರ್ಷದಲ್ಲೇ ಇಡಿ. ಇಟ್ಟಾಗ ಅವನ ಮೇಲಿನ ಒಂದು ಆರೋಪ ತಾನಾಗಿ ಬಿದ್ದುಹೋಗುತ್ತದೆ. ಇನ್ನೊಂದು ಹಾಗೆಯೇ ನಿಲ್ಲುತ್ತದೆ. ಅದು ವಿಮಾನ ನಿಲ್ದಾಣದ್ದು.

'ವಿಮಾನ ನಿಲ್ದಾಣ ಬರುವುದು ಗೊತ್ತಿದ್ದೂ ಹೇಳಲಿಲ್ಲ.' ಇದು ನಿಮ್ಮ ಬರಹದ ಬೆನ್ನೆಲುಬು. ಐದು ಕಡೆ ಬಂದಿದೆ. ದೇವನಹಳ್ಳಿಯ ಕಡೆ ನಿಲ್ದಾಣ ಬರುತ್ತದೆ ಎಂಬ ಮಾತು ತೊಂಬತ್ತರ ದಶಕದಿಂದಲೇ ಇತ್ತು. ಕಾಮಗಾರಿ ಶುರುವಾದದ್ದು 2005ರಲ್ಲಿ, ವಿಮಾನ ಹಾರಿದ್ದು 2008ರ ಮೇ ತಿಂಗಳಲ್ಲಿ. ಬರುತ್ತದೆ ಬರುತ್ತದೆ ಎಂದು ಹತ್ತು ವರ್ಷ ಕೇಳಿದವನಿಗೆ 2003ರಲ್ಲಿ ಅದರ ಮೇಲೆ ಎಷ್ಟು ನಂಬಿಕೆ ಇತ್ತು? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ 'ಗೊತ್ತಿದ್ದೂ' ಎಂಬುದರ ಕೊನೆಯ ಆ 'ಊ' ಇದೆಯಲ್ಲ, ಅದಕ್ಕೆ ಎಲ್ಲವೂ ಗೊತ್ತು. ಅದು ಅಣ್ಣನ ತಲೆಯೊಳಗೆ ಹೊಕ್ಕು ನೋಡಿ ಬಂದಿದೆ.

ಇನ್ನೊಂದು ವಿಷಯ, ಸ್ವಲ್ಪ ಕಹಿಯಾದದ್ದು. ನಿಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು, ಮನೆಗೆ ಎರಡು ಪತ್ರಿಕೆ ಬರುತ್ತಿದ್ದವು ಎಂದು ನೀವೇ ನಾಲ್ಕನೆಯ ಪುಟದಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ನಿಲ್ದಾಣದ ಸುದ್ದಿ ಊರಿಗಿಂತ ಮೊದಲು ವಿಜಯನಗರದ ನಿಮ್ಮ ಮನೆ ಬಾಗಿಲಿಗೆ ಬಂದು ಬೀಳುತ್ತಿತ್ತು. ನೀವು ಓದಿದ್ದಿರಾ? ಓದಿಯೂ ಅದನ್ನು ಹೊಲದ ಜೊತೆ ಸೇರಿಸಿ ನೋಡಲಿಲ್ಲವೇ? ಅಥವಾ ನೋಡಿಯೂ, ತವರಿನ ಜೊತೆ ಲೆಕ್ಕ ಮಾತಾಡುವುದು ಹೇಗೆ ಎಂದು ಸುಮ್ಮನಾದಿರಾ? ಈ ಮೂರರಲ್ಲಿ ಯಾವುದು ನಿಜವೋ ಅದನ್ನು ಬರೆಯಿರಿ. ಇಡೀ ಬರಹದಲ್ಲಿ ನಿಮಗೊಬ್ಬರಿಗೇ ಗೊತ್ತಿರುವ ಸಂಗತಿ ಅದು. ಅದೊಂದು ಪ್ಯಾರಾ ಬಂದ ಮೇಲೆ ಅಣ್ಣನ ಮೇಲೆ ಎಷ್ಟೇ ಕಟುವಾಗಿ ಬರೆದರೂ ಓದುವವರು ನಿಮ್ಮನ್ನು ನಂಬುತ್ತಾರೆ.

ಕರೆಯುವ ಪದಗಳನ್ನೂ ನೋಡಿಕೊಳ್ಳಿ. ಒಂಬತ್ತನೆಯ ಪುಟದವರೆಗೆ 'ಅಣ್ಣ ಬಂದ, ಅಣ್ಣ ಅಂದ' ಎಂದಿದೆ. ಹತ್ತರಲ್ಲಿ 'ಇವನು' ಆಗುತ್ತಾನೆ. ಹದಿನಾರರಲ್ಲಿ 'ಸಾಹೇಬರು ಕಾರಿನಲ್ಲಿ ಬಂದರು'. ಕನ್ನಡದಲ್ಲಿ ನಾವು ಸಿಟ್ಟು ಬಂದಾಗ ಏಕವಚನಕ್ಕೆ ಇಳಿಯುವುದು ಒಂದು ರೀತಿಯಾದರೆ, ಬಹುವಚನಕ್ಕೆ ಏರುವುದು ಅದಕ್ಕಿಂತ ಹರಿತ. ಅತ್ತಿಗೆಯಂತೂ ಹನ್ನೊಂದನೆಯ ಪುಟದಿಂದ ಹೆಸರೂ ಇಲ್ಲದೆ, ನಂಟೂ ಇಲ್ಲದೆ 'ಆಕೆ' ಆಗಿದ್ದಾರೆ. ಕೊನೆಯ ಪುಟದವರೆಗೂ ಅವನನ್ನು ಅಣ್ಣ, ಅವರನ್ನು ಅತ್ತಿಗೆ ಎಂದೇ ಕರೆಯಿರಿ. 'ಅಣ್ಣ ನನಗೆ ಫೋನ್ ಮಾಡಲಿಲ್ಲ' ಎಂಬುದು 'ಆತ ನನಗೆ ಫೋನ್ ಮಾಡಲಿಲ್ಲ' ಎಂಬುದಕ್ಕಿಂತ ಹೆಚ್ಚು ನೋಯಿಸುತ್ತದೆ, ಓದುವವರನ್ನೂ.

ಸಹಿಯ ದಿನವನ್ನು ನೀವು ಬರೆದದ್ದು ಹೀಗೆ: 'ಹಬ್ಬದ ನೆಪದಲ್ಲಿ ಊರಿಗೆ ಕರೆಸಿಕೊಂಡು, ಸೀರೆಯ ಆಸೆ ತೋರಿಸಿ, ಓದಲೂ ಬಿಡದೆ ನೋಂದಣಿ ಕಚೇರಿಯಲ್ಲಿ ಸಹಿ ಮಾಡಿಸಿಕೊಂಡುಬಿಟ್ಟ.' ನಿಮ್ಮದೇ ಬರಹದ ಬೇರೆ ಬೇರೆ ಪುಟಗಳಿಂದ ಆ ದಿನದ ವಿವರಗಳನ್ನು ಹೆಕ್ಕಿ ಜೋಡಿಸಿದ್ದೇನೆ. ಒಂದು ಸಂಗತಿಯನ್ನೂ ನಾನು ಸೇರಿಸಿಲ್ಲ:

'ಗೌರಿ ಹಬ್ಬದ ಮಾರನೆಯ ವಾರ ಊರಿಗೆ ಹೋದೆವು. ಅತ್ತಿಗೆ ಒಬ್ಬಟ್ಟು ಮಾಡಿದ್ದರು. ಬೆಳಿಗ್ಗೆ ಹತ್ತಕ್ಕೆ ದೇವನಹಳ್ಳಿಯ ನೋಂದಣಿ ಕಚೇರಿಯಲ್ಲಿದ್ದೆವು. ಪತ್ರ ಬರಹಗಾರರು ಆರು ಪುಟಗಳನ್ನು ಓದಿದರು, ವೇಗವಾಗಿ ಓದಿದರು. "ಸ್ವಇಚ್ಛೆಯಿಂದ" ಎಂಬ ಪದ ಬಂದಾಗ ತಂಗಿ ನನ್ನ ಕಡೆ ನೋಡಿದಳು. ನಾನು ಅಣ್ಣನ ಕಡೆ ನೋಡಿದೆ. ಅವನು ಹೊರಗಿನ ಬೇವಿನ ಮರದ ಕಡೆ ನೋಡುತ್ತಿದ್ದ. ಸಹಿ ಮಾಡಿದೆ. ಹೆಬ್ಬೆರಳಿನ ಶಾಯಿ ಒರೆಸಿಕೊಳ್ಳಲು ಅವನೇ ತನ್ನ ಟವೆಲ್ ಕೊಟ್ಟ. ಮನೆಗೆ ಬಂದ ಮೇಲೆ ಅತ್ತಿಗೆ ಕುಂಕುಮ ಇಟ್ಟು, ನಲವತ್ತು ಸಾವಿರ ರೂಪಾಯಿ ಮತ್ತು ಸೀರೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಹಸಿರು ಸೀರೆ. ನಾನು ಅದನ್ನು ಎರಡು ಸಲ ಉಟ್ಟಿದ್ದೇನೆ.'

ಎಲ್ಲವೂ ನಿಮ್ಮವೇ. ಟವೆಲ್ಲು ಇಪ್ಪತ್ತೇಳನೆಯ ಪುಟದಲ್ಲಿತ್ತು, 'ಎಷ್ಟು ನಾಟಕ' ಎಂಬ ಷರಾ ಸಮೇತ. ಷರಾ ತೆಗೆದೆ, ಟವೆಲ್ಲು ಉಳಿಸಿಕೊಂಡೆ. ಅದು ನಾಟಕವೋ ಅಕ್ಕರೆಯೋ ಎರಡೂ ಸೇರಿದ್ದೋ ಎಂಬುದು ಈಗ ಮಕ್ಕಳ ಮುಂದಿದೆ. 'ಓದಲೂ ಬಿಡದೆ' ಎಂದದ್ದು ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಪತ್ರ ಬರಹಗಾರರು ಓದಿದ್ದನ್ನು ಮೂವತ್ತನೆಯ ಪುಟದಲ್ಲಿ ನೀವೇ ಒಪ್ಪಿದ್ದೀರಿ. ಸಿಟ್ಟಿನಲ್ಲಿ ಬರೆದ ಸಾಲು ಎಲ್ಲಿದೆ ಎಂದು ಪತ್ತೆ ಮಾಡಲು ಇದೇ ದಾರಿ. ಅದೇ ದಿನದ ಬಗ್ಗೆ ಎರಡು ಕಡೆ ಬರೆದದ್ದನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಹೊಂದುವುದಿಲ್ಲ ಎಂಬುದು ತಿಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಮೆತ್ತಗೆ ಮಾಡಿಬಿಡಬೇಡಿ. ಚಾರ್ಜ್‌ಶೀಟಿನ ಭಯಕ್ಕೆ 'ಯಾರದ್ದೂ ತಪ್ಪಿಲ್ಲ, ಕಾಲದ ಮಹಿಮೆ' ಎಂದು ಮುಗಿಸಿದ ಕುಟುಂಬ ಕಥನಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅವು ಇನ್ನೂ ಬೇಸರ ತರಿಸುತ್ತವೆ. ತಲಾ ನಲವತ್ತು ಸಾವಿರ, ನಾಲ್ಕು ವರ್ಷಕ್ಕೆ ಒಂದು ಕೋಟಿ ಹತ್ತು ಲಕ್ಷ. ಈ ಅಂಕಿಗಳನ್ನು ಒಂದೇ ಒಂದು ಕಡೆ, ವಿಶೇಷಣವಿಲ್ಲದೆ, ಅಕ್ಕಪಕ್ಕ ಬರೆಯಿರಿ. ಈಗ ಅವು ಒಂಬತ್ತು ಸಲ ಬಂದಿವೆ; ಒಂಬತ್ತನೆಯ ಸಲ ಬರುವ ಹೊತ್ತಿಗೆ ಅವುಗಳ ಕಸುವು ಹೋಗಿರುತ್ತದೆ. ಮಾರಿದ ಮೇಲೆ ಅವನು ನಿಮಗೆ ತಾನಾಗಿ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಅದು ನಡೆದದ್ದು ಹಾಗೆಯೇ, ಹಾಗೆಯೇ ಬರೆಯಿರಿ. ಮಾರನೆಯ ವರ್ಷದಿಂದ ಗೌರಿ ಬಾಗಿನ ಬರಲಿಲ್ಲ ಎಂಬ ಸಾಲು ಈಗ ಒಂದು ಆವರಣದೊಳಗೆ ಮುದುಡಿಕೊಂಡು ಕೂತಿದೆ. ನನ್ನ ಮಟ್ಟಿಗೆ ಇಡೀ ಬರಹದ ಅತಿ ದೊಡ್ಡ ನಷ್ಟ ಅಲ್ಲಿದೆ. ಅದಕ್ಕೆ ಒಂದು ಪುಟ ಕೊಡಿ. ಆ ವರ್ಷ ಹಬ್ಬದ ದಿನ ಏನು ಮಾಡಿದಿರಿ, ಬಾಗಿಲ ಕಡೆ ಎಷ್ಟು ಸಲ ನೋಡಿದಿರಿ, ಮಕ್ಕಳಿಗೆ ಏನೆಂದು ಹೇಳಿದಿರಿ?

ವಕೀಲರ ಕಚೇರಿಯ ಹಳೆಯ ಅಭ್ಯಾಸದಿಂದ ಒಂದು ಮಾತು. ಮಕ್ಕಳ ಓದಿಗೆ ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಚಿಂತೆಯಿಲ್ಲ. ಅಚ್ಚು ಹಾಕಿಸಿ ಹಂಚುವುದಾದರೆ, ಅವನ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಊಹಿಸಿ ಬರೆದ ಸಾಲುಗಳೇ ಮಾನನಷ್ಟದ ಮಾತಿಗೆ ಎಡೆಕೊಡುವಂಥವು. ಮುಂದೆಂದಾದರೂ ನೀವೋ ಮಕ್ಕಳೋ ದಾವೆ ಹೂಡುವ ಯೋಚನೆ ಒಂದು ಚೂರಾದರೂ ಇದ್ದರೆ ಮೊದಲು ವಕೀಲರನ್ನು ಕಾಣಿ, ಆಮೇಲೆ ಬರೆಯಿರಿ. 'ಓದಿದರು, ಕೇಳಿದೆ, ಸಹಿ ಮಾಡಿದೆ' ಎಂಬ ನಿಮ್ಮದೇ ಕೈಬರಹವನ್ನು ಎದುರು ಪಕ್ಷದವರು ನಿಮ್ಮ ಒಪ್ಪಿಗೆ ಎಂದು ಹಾಜರುಪಡಿಸಬಹುದು. ಒಳ್ಳೆಯ ಬರಹ ಮತ್ತು ಒಳ್ಳೆಯ ದಾವೆ ಒಂದೇ ಕಾಗದದ ಮೇಲೆ ಹುಟ್ಟುವುದು ಕಷ್ಟ.

ಕೊನೆಯದಾಗಿ ತಂಗಿ. ಅವರನ್ನು ನೀವು 'ಅಣ್ಣನ ಪರ' ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಅಂದಿನ ಕಾನೂನಿನ ಪ್ರಕಾರ ನಿಮಗಿಂತ ಹೆಚ್ಚು ಬಿಟ್ಟುಕೊಟ್ಟವರು ಅವರು. ಆದರೂ ಊರಿಗೆ ಹೋಗಿ ಬರುತ್ತಾರೆ, ಅವರಿಗೆ ಈಗಲೂ ಬಾಗಿನ ಬರುತ್ತದೆ ಎಂದು ಬರೆದಿದ್ದೀರಿ. 1997ರ ಸಹಕಾರ ಸಂಘದ ಸಾಲದ ವಿಷಯವನ್ನು ಮೊದಲು ಅವರ ಹತ್ತಿರ ಕೇಳಿ. ಆ ಪಹಣಿಯನ್ನೂ ತೆಗೆದುಕೊಂಡು ಹೋಗಿ, ಹನ್ನೊಂದನೆಯ ಕಾಲಮ್ಮನ್ನು ತೋರಿಸಿ. ಪೆನ್ಸಿಲ್ ಸುತ್ತನ್ನು ಮಾತ್ರ ಮೊದಲೇ ಅಳಿಸಿಬಿಡಿ.